ಲಗ್ರಾಂಜ್ ಗುಣಕ ವಿಧಾನ (ಎರಡು ಚರಗಳಲ್ಲಿ)

ಲಗ್ರಾಂಜ್ ಗುಣಕ ವಿಧಾನವು ಒಂದು ನಿರ್ಬಂಧಕ್ಕೆ ಒಳಪಟ್ಟ ಪರಿಮಾಣದ ಗರಿಷ್ಠ ಅಥವಾ ಕನಿಷ್ಠ ಮೌಲ್ಯವನ್ನು ಕಂಡುಹಿಡಿಯಲು ಕಲನಶಾಸ್ತ್ರದಲ್ಲಿ ಬಳಸುವ ವಿಧಾನ. ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದ ಗಣಿತಜ್ಞ ಜೋಸೆಫ್ ಲೂಯಿ ಲಗ್ರಾಂಜ್ (1736–1813) ಇದನ್ನು ರೂಪಿಸಿದ ಕಾರಣ ಇದಕ್ಕೆ ಈ ಹೆಸರು ಬಂದಿದೆ. ಎರಡು ಚರಗಳಿರುವ ಸಮಸ್ಯೆಗಳಲ್ಲಿ ಈ ವಿಧಾನದ ತಿರುಳನ್ನು ಒಂದೇ ಚಿತ್ರದಲ್ಲಿ ಕಾಣಬಹುದು. ಪರಿಮಾಣದ ಸಮಮೌಲ್ಯ ರೇಖೆಯೊಂದು ನಿರ್ಬಂಧದ ರೇಖೆಯನ್ನು ಕತ್ತರಿಸದೆ ಸ್ಪರ್ಶಿಸುವ ಬಿಂದುಗಳಲ್ಲಿ ಉತ್ತರವನ್ನು ಹುಡುಕಬೇಕು ಎಂಬುದೇ ಆ ತಿರುಳು. ಗುಣಕದ ಸಮೀಕರಣಗಳು ಈ ಸ್ಪರ್ಶವನ್ನು ಬೀಜಗಣಿತದ ಭಾಷೆಯಲ್ಲಿ ಹೇಳುತ್ತವೆ.

## ಸಮಮೌಲ್ಯ ರೇಖೆಗಳು

x ಮತ್ತು y ಎಂಬ ಎರಡು ಚರಗಳನ್ನು ಅವಲಂಬಿಸಿದ ಪರಿಮಾಣವನ್ನು f(x, y) ಎಂದು ಬರೆಯಲಾಗುತ್ತದೆ. ಸಮತಲದ ಪ್ರತಿಯೊಂದು ಬಿಂದುವಿನಲ್ಲಿಯೂ f ಗೆ ಒಂದು ಮೌಲ್ಯವಿರುತ್ತದೆ. ಒಂದೇ ಮೌಲ್ಯವುಳ್ಳ ಬಿಂದುಗಳನ್ನೆಲ್ಲ ಕೂಡಿಸಿ ಎಳೆದ ರೇಖೆಯೇ ಸಮಮೌಲ್ಯ ರೇಖೆ. ಭೂಗೋಳದ ಪಾಠದಲ್ಲಿ ಬರುವ ಸಮೋನ್ನತಿ ರೇಖೆಗಳು ಇದಕ್ಕೆ ಪರಿಚಿತ ನಿದರ್ಶನ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಗುಡ್ಡಗಳ ಮೇಲೆ ಕಾಣುವ ಕಂದು ಬಣ್ಣದ ರೇಖೆಗಳಲ್ಲಿ ಪ್ರತಿಯೊಂದೂ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸುತ್ತದೆ.

ಅಂತಹ ನಕ್ಷೆಯಲ್ಲಿ ಗುಡ್ಡದ ಪಕ್ಕೆಯ ಮೇಲೆ ಹಾದುಹೋಗುವ ಒಂದು ರಸ್ತೆಯನ್ನು ಗಮನಿಸಬಹುದು. ರಸ್ತೆಯು ಶಿಖರವನ್ನು ಮುಟ್ಟುವುದಿಲ್ಲ. ಆದರೂ ಅದರ ಮೇಲೆ ಅತಿ ಎತ್ತರದ ಒಂದು ಸ್ಥಳ ಇದ್ದೇ ಇರುತ್ತದೆ. ಏರುವಾಗ ರಸ್ತೆಯು ಸಮೋನ್ನತಿ ರೇಖೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋಗುತ್ತದೆ, ಇಳಿಯುವಾಗ ಅವುಗಳನ್ನೇ ಹಿಂದುಮುಂದಾಗಿ ಕತ್ತರಿಸುತ್ತದೆ. ಏರಿಕೆ ಮುಗಿದು ಇಳಿಕೆ ಆರಂಭವಾಗುವ ಸ್ಥಳದಲ್ಲಿ ಮಾತ್ರ ರಸ್ತೆಯು ಯಾವ ರೇಖೆಯನ್ನೂ ಕತ್ತರಿಸುವುದಿಲ್ಲ. ಆ ಎತ್ತರದ ಸಮೋನ್ನತಿ ರೇಖೆಯನ್ನು ಅದು ಕೇವಲ ಸವರಿ ಹಿಂದಿರುಗುತ್ತದೆ. ಇಲ್ಲಿ ಎತ್ತರವು f, ರಸ್ತೆಯು ನಿರ್ಬಂಧ.

## ಉದಾಹರಣೆ: ನದೀತೀರದ ಹೊಲ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ತುಂಗಭದ್ರಾ ನದಿಯ ದಡದಲ್ಲಿದ್ದು, ಎದುರು ದಡದಲ್ಲಿ ಹರಿಹರ ಪಟ್ಟಣವಿದೆ. ಇಂತಹ ನದೀತೀರದಲ್ಲಿ ಆಯತಾಕಾರದ ಒಂದು ಹೊಲಕ್ಕೆ ಬೇಲಿ ಹಾಕಬೇಕಾಗಿದೆ ಎಂದು ಭಾವಿಸೋಣ. ದಡವು ನೇರವಾಗಿದೆ, ನದಿಯ ಕಡೆಗೆ ಬೇಲಿ ಬೇಕಿಲ್ಲ, ಉಳಿದ ಮೂರು ಬದಿಗಳಿಗೆ ಒಟ್ಟು 400 ಮೀಟರ್ ಉದ್ದದ ತಂತಿಬೇಲಿ ಇದೆ. ಅತಿ ಹೆಚ್ಚು ನೆಲವನ್ನು ಒಳಗೊಳ್ಳಲು ಅಳತೆ ಹೇಗಿರಬೇಕು?

ನದಿಗೆ ಸಮಾಂತರವಾದ ಬದಿ x ಮೀಟರ್, ನದಿಗೆ ಲಂಬವಾದ ಬದಿಗಳು ತಲಾ y ಮೀಟರ್ ಆಗಿರಲಿ. ಹೆಚ್ಚಿಸಬೇಕಾದ ಪರಿಮಾಣವು ವಿಸ್ತೀರ್ಣ, ನಿರ್ಬಂಧವು ಬೇಲಿಯ ಉದ್ದ.

f(x, y) = xy

g(x, y) = x + 2y = 400

ಚೌಕವೇ ಅತಿ ಹೆಚ್ಚು ನೆಲವನ್ನು ಆವರಿಸುತ್ತದೆ ಎಂಬುದು ಸಾಮಾನ್ಯ ಎಣಿಕೆ. ನಾಲ್ಕೂ ಬದಿಗೆ ಬೇಲಿ ಬೇಕಾದಾಗ ಅದು ಸರಿ. ಇಲ್ಲಿ ಚೌಕವನ್ನು ಆರಿಸಿದರೆ ಪ್ರತಿ ಬದಿಯೂ ಸುಮಾರು 133.3 ಮೀಟರ್ ಆಗಿ, ವಿಸ್ತೀರ್ಣ ಸುಮಾರು 17,778 ಚದರ ಮೀಟರ್ ಬರುತ್ತದೆ. ಇದಕ್ಕಿಂತ ಉತ್ತಮವಾದ ಆಯ್ಕೆ ಇದೆ.

ನಕ್ಷೆಯಲ್ಲಿ x + 2y = 400 ಎಂಬುದು ಇಳಿಜಾರಾದ ಒಂದು ಸರಳರೇಖೆ. ವಿಸ್ತೀರ್ಣದ ಸಮಮೌಲ್ಯ ರೇಖೆಗಳು xy = c ಎಂಬ ಅತಿಪರವಲಯಗಳು. c ಹೆಚ್ಚಾದಂತೆ ಅವು ಮೂಲಬಿಂದುವಿನಿಂದ ದೂರ ಸರಿಯುತ್ತವೆ. c = 15,000 ಆದಾಗ ಅತಿಪರವಲಯವು ಸರಳರೇಖೆಯನ್ನು (100, 150) ಮತ್ತು (300, 50) ಎಂಬ ಎರಡು ಬಿಂದುಗಳಲ್ಲಿ ಕತ್ತರಿಸುತ್ತದೆ. c = 19,200 ಆದಾಗ ಆ ಬಿಂದುಗಳು (160, 120) ಮತ್ತು (240, 80). ವಿಸ್ತೀರ್ಣ ಏರಿದಂತೆ ಎರಡು ಛೇದನ ಬಿಂದುಗಳು ಒಂದನ್ನೊಂದು ಸಮೀಪಿಸುತ್ತವೆ. c = 20,000 ಆದಾಗ ಅವೆರಡೂ (200, 100) ಎಂಬ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. c = 21,000 ಆದರೆ ಅತಿಪರವಲಯವು ಸರಳರೇಖೆಯನ್ನು ಮುಟ್ಟುವುದೇ ಇಲ್ಲ; ಅಷ್ಟು ನೆಲವನ್ನು ಆವರಿಸಲು 400 ಮೀಟರ್ ಬೇಲಿ ಸಾಲದು.

ಪ್ರೌಢಶಾಲೆಯ ಬೀಜಗಣಿತ ಬಲ್ಲವರು ಇದನ್ನು ತಾವೇ ಪರಿಶೀಲಿಸಬಹುದು. y = (400 − x)/2 ಎಂಬುದನ್ನು xy = c ಯಲ್ಲಿ ಆದೇಶಿಸಿದರೆ x² − 400x + 2c = 0 ಎಂಬ ವರ್ಗ ಸಮೀಕರಣ ದೊರೆಯುತ್ತದೆ. ಎರಡು ಮೂಲಗಳಿದ್ದರೆ ರೇಖೆಗಳು ಕತ್ತರಿಸುತ್ತವೆ, ಮೂಲಗಳು ಸಮವಾಗಿದ್ದರೆ ಸ್ಪರ್ಶಿಸುತ್ತವೆ, ವಾಸ್ತವ ಮೂಲಗಳಿಲ್ಲದಿದ್ದರೆ ಸೇರುವುದಿಲ್ಲ. ಶೋಧಕವು ಸೊನ್ನೆಯಾಗುವ ಸ್ಥಿತಿಯೇ c = 20,000.

ಹೀಗೆ ಗರಿಷ್ಠ ವಿಸ್ತೀರ್ಣ 20,000 ಚದರ ಮೀಟರ್, ಅಂದರೆ ಐದು ಎಕರೆಗೆ ತುಸು ಕಡಿಮೆ. ಅಳತೆ 200 × 100 ಮೀಟರ್; ನದಿಗುಂಟ ಇರುವ ಉದ್ದವು ಅಗಲದ ಎರಡರಷ್ಟು. ಚೌಕಕ್ಕೆ ಹೋಲಿಸಿದರೆ ಅದೇ ಬೇಲಿಯಲ್ಲಿ ಸುಮಾರು 2,222 ಚದರ ಮೀಟರ್, ಎಂದರೆ ಹೆಚ್ಚು ಕಡಿಮೆ 22 ಗುಂಟೆ ನೆಲ ಅಧಿಕವಾಗಿ ದೊರೆಯುತ್ತದೆ.

## ಕತ್ತರಿಸುವ ಬಿಂದುವಿನಲ್ಲಿ ಗರಿಷ್ಠ ಏಕೆ ಇರಲಾರದು

ಸಮಮೌಲ್ಯ ರೇಖೆಯು ಸಮತಲವನ್ನು ಎರಡು ಪಕ್ಕಗಳಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಒಂದು ಪಕ್ಕದಲ್ಲಿ f ನ ಮೌಲ್ಯ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಿಮೆ. ನಿರ್ಬಂಧದ ರೇಖೆಯು ಸಮಮೌಲ್ಯ ರೇಖೆಯನ್ನು ಕತ್ತರಿಸಿ ದಾಟಿದರೆ, ನಿರ್ಬಂಧವನ್ನು ಮೀರದೆಯೇ ಹೆಚ್ಚಿನ ಪಕ್ಕಕ್ಕೆ ಹೆಜ್ಜೆ ಇಡಬಹುದು. (100, 150) ಬಿಂದುವಿನಲ್ಲಿ ವಿಸ್ತೀರ್ಣ 15,000. ಸರಳರೇಖೆಯ ಮೇಲೆಯೇ (110, 145) ಕ್ಕೆ ಸರಿದರೆ ಅದು 15,950 ಆಗುತ್ತದೆ, (90, 155) ಕ್ಕೆ ಸರಿದರೆ 13,950 ಆಗುತ್ತದೆ. ಒಂದು ದಿಕ್ಕಿನಲ್ಲಿ ಏರಿಕೆಯೂ ಮತ್ತೊಂದು ದಿಕ್ಕಿನಲ್ಲಿ ಇಳಿಕೆಯೂ ಇರುವ ಬಿಂದುವು ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ. ಆದುದರಿಂದ ನಿರ್ಬಂಧದ ರೇಖೆಯ ಒಳಭಾಗದ ಬಿಂದುವೊಂದು ಗರಿಷ್ಠ ಅಥವಾ ಕನಿಷ್ಠವಾಗಬೇಕಾದರೆ ಅಲ್ಲಿ ಎರಡು ರೇಖೆಗಳೂ ಪರಸ್ಪರ ಸ್ಪರ್ಶಿಸಲೇಬೇಕು.

## ಸ್ಪರ್ಶದಿಂದ ಸಮೀಕರಣಕ್ಕೆ

ಸ್ಪರ್ಶವನ್ನು ಲೆಕ್ಕದಲ್ಲಿ ಹೇಳಲು ಗ್ರೇಡಿಯಂಟ್ ಎಂಬ ಸದಿಶವನ್ನು ಬಳಸಲಾಗುತ್ತದೆ. y ಯನ್ನು ಸ್ಥಿರವಾಗಿಟ್ಟು x ಅನ್ನು ಮಾತ್ರ ಬದಲಿಸಿದಾಗ f ಬದಲಾಗುವ ದರವನ್ನು fₓ ಎಂದೂ, x ಅನ್ನು ಸ್ಥಿರವಾಗಿಟ್ಟಾಗಿನ ದರವನ್ನು f_y ಎಂದೂ ಬರೆಯೋಣ. ಇವೆರಡನ್ನೂ ಘಟಕಗಳಾಗಿ ಉಳ್ಳ ಸದಿಶ ∇f = (fₓ, f_y) ಯೇ ಗ್ರೇಡಿಯಂಟ್.

(p, q) ಎಂಬ ಸಣ್ಣ ಹೆಜ್ಜೆ ಇಟ್ಟಾಗ f ನಲ್ಲಿ ಆಗುವ ಬದಲಾವಣೆ ಸುಮಾರಾಗಿ fₓ·p + f_y·q. ಹೆಜ್ಜೆಯು ಸಮಮೌಲ್ಯ ರೇಖೆಯ ದಿಕ್ಕಿನಲ್ಲಿದ್ದರೆ f ಬದಲಾಗುವುದಿಲ್ಲವಾದ್ದರಿಂದ ಈ ಮೊತ್ತ ಸೊನ್ನೆ. ಎರಡು ಸದಿಶಗಳ ಬಿಂದು ಗುಣಲಬ್ಧ ಸೊನ್ನೆಯಾದರೆ ಅವು ಪರಸ್ಪರ ಲಂಬ. ಆದ್ದರಿಂದ ಗ್ರೇಡಿಯಂಟ್ ಯಾವಾಗಲೂ ಸಮಮೌಲ್ಯ ರೇಖೆಗೆ ಲಂಬವಾಗಿ ನಿಲ್ಲುತ್ತದೆ. ನಿರ್ಬಂಧದ ರೇಖೆಯೂ g ಯ ಒಂದು ಸಮಮೌಲ್ಯ ರೇಖೆಯೇ ಆಗಿರುವುದರಿಂದ ∇g ಯು ಅದಕ್ಕೆ ಲಂಬವಾಗಿರುತ್ತದೆ.

ಎರಡು ರೇಖೆಗಳು ಒಂದು ಬಿಂದುವಿನಲ್ಲಿ ಸ್ಪರ್ಶಿಸಿದರೆ ಅಲ್ಲಿ ಅವುಗಳಿಗೆ ಒಂದೇ ಸ್ಪರ್ಶಕ, ಹಾಗಾಗಿ ಒಂದೇ ಲಂಬರೇಖೆ. ಎರಡು ಗ್ರೇಡಿಯಂಟ್‌ಗಳೂ ಆ ಒಂದೇ ಲಂಬರೇಖೆಯ ಮೇಲಿರುತ್ತವೆ. ಅವುಗಳ ಉದ್ದ ಬೇರೆಯಾಗಬಹುದು, ದಿಕ್ಕು ತಿರುಗುಮುರುಗಾಗಬಹುದು; ಆದರೆ ಒಂದು ಇನ್ನೊಂದರ ಗುಣಕವಾಗಿರುತ್ತದೆ.

∇f = λ∇g, g(x, y) = k

λ (ಲ್ಯಾಂಬ್ಡಾ) ಎಂಬ ಈ ಸಂಖ್ಯೆಯೇ ಲಗ್ರಾಂಜ್ ಗುಣಕ. K ಎಂಬುದು ನಿರ್ಬಂಧದ ನಿಗದಿತ ಮೌಲ್ಯ. x, y, λ ಎಂಬ ಮೂರು ಅಜ್ಞಾತಗಳಿಗೆ ಮೂರು ಸಮೀಕರಣಗಳು ದೊರೆಯುತ್ತವೆ. ಹೊಲದ ಸಮಸ್ಯೆಯಲ್ಲಿ ∇f = (y, x), ∇g = (1, 2), k = 400. ಆದ್ದರಿಂದ

y = λ, x = 2λ, x + 2y = 400.

ಮೊದಲ ಎರಡನ್ನು ಮೂರನೆಯದರಲ್ಲಿ ಇಟ್ಟರೆ 4λ = 400, ಅಂದರೆ λ = 100. ಹೀಗೆ x = 200, y = 100 ಎಂಬ ಅದೇ ಉತ್ತರ ಬರುತ್ತದೆ. ಇಲ್ಲಿ 200 ಮೀಟರ್ ಬೇಲಿ ನದಿಗೆ ಸಮಾಂತರವಾದ ಬದಿಗೂ, ಉಳಿದ 200 ಮೀಟರ್ ಎರಡು ಲಂಬ ಬದಿಗಳಿಗೂ ಸಮವಾಗಿ ಹಂಚಿಕೆಯಾಗಿದೆ ಎಂಬುದು ಗಮನಾರ್ಹ.

## ಗುಣಕದ ಅರ್ಥ

ಸಮೀಕರಣಗಳನ್ನು ಬಿಡಿಸಿದ ಬಳಿಕ λ ವನ್ನು ಕೈಬಿಡುವುದು ವಾಡಿಕೆಯಾದರೂ ಆ ಸಂಖ್ಯೆಗೆ ತನ್ನದೇ ಅರ್ಥವಿದೆ. ನಿರ್ಬಂಧವನ್ನು ಒಂದು ಮೂಲಮಾನದಷ್ಟು ಸಡಿಲಿಸಿದರೆ ಗರಿಷ್ಠ ಮೌಲ್ಯವು ಸುಮಾರಾಗಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅದು ಹೇಳುತ್ತದೆ. ಬೇಲಿ 401 ಮೀಟರ್ ಆದರೆ ಉತ್ತಮ ಅಳತೆ 200.5 × 100.25 ಮೀಟರ್, ವಿಸ್ತೀರ್ಣ 20,100.125 ಚದರ ಮೀಟರ್. ಏರಿಕೆಯು 100 ಚದರ ಮೀಟರ್‌ಗೆ ತೀರ ಸಮೀಪ. ಒಂದು ಗುಂಟೆ ಸುಮಾರು 101 ಚದರ ಮೀಟರ್ ಆದುದರಿಂದ, ಈ ಹಂತದಲ್ಲಿ ಇನ್ನೊಂದು ಮೀಟರ್ ಬೇಲಿಯು ಹೆಚ್ಚು ಕಡಿಮೆ ಒಂದು ಗುಂಟೆ ನೆಲವನ್ನು ಆವರಣದೊಳಗೆ ತರುತ್ತದೆ. ಹೆಚ್ಚುವರಿ ಬೇಲಿಗೆ ಖರ್ಚು ಮಾಡಬೇಕೇ ಎಂಬ ಪ್ರಶ್ನೆಗೆ ಹೋಲಿಸಿ ನೋಡಬೇಕಾದ ಸಂಖ್ಯೆ ಇದೇ. ಅರ್ಥಶಾಸ್ತ್ರದಲ್ಲಿ ಇದನ್ನು ಛಾಯಾ ಬೆಲೆ ಎನ್ನುತ್ತಾರೆ.

ಈ ದರವು ಸ್ಥಿರವಲ್ಲ. ಬೇಲಿ ಒಟ್ಟು 200 ಮೀಟರ್ ಮಾತ್ರ ಇದ್ದಿದ್ದರೆ ಉತ್ತಮ ಅಳತೆ 100 × 50 ಆಗಿ, λ = 50 ಆಗುತ್ತಿತ್ತು. λ ಆಯಾ ಹಂತದ ದರವೇ ಹೊರತು ಎಲ್ಲ ಉದ್ದಗಳಿಗೂ ಅನ್ವಯಿಸುವ ಸಂಖ್ಯೆಯಲ್ಲ.

## ಗರಿಷ್ಠವೋ, ಕನಿಷ್ಠವೋ

ಗುಣಕದ ಸಮೀಕರಣಗಳು ಸ್ಪರ್ಶ ಬಿಂದುಗಳನ್ನು ಕೊಡುತ್ತವೆ. ಅವು ಗರಿಷ್ಠವೋ ಕನಿಷ್ಠವೋ ಎಂಬುದನ್ನು ಹೇಳುವುದಿಲ್ಲ. x² + y² = 25 ಎಂಬ ವೃತ್ತದ ಮೇಲೆ f = 3x + 4y ಯನ್ನು ಪರಿಗಣಿಸಬಹುದು. f ನ ಸಮಮೌಲ್ಯ ರೇಖೆಗಳು ಸಮಾಂತರ ಸರಳರೇಖೆಗಳು. ಅವುಗಳಲ್ಲಿ ಎರಡು ಮಾತ್ರ ವೃತ್ತವನ್ನು ಸ್ಪರ್ಶಿಸುತ್ತವೆ: ಒಂದು (3, 4) ರಲ್ಲಿ, ಇನ್ನೊಂದು ಎದುರು ಬದಿಯ (−3, −4) ರಲ್ಲಿ. ಮೊದಲನೆಯದರಲ್ಲಿ f = 25, ಅದು ಗರಿಷ್ಠ; ಎರಡನೆಯದರಲ್ಲಿ f = −25, ಅದು ಕನಿಷ್ಠ. ವೃತ್ತದಂತಹ ಮುಚ್ಚಿದ, ಪರಿಮಿತ ರೇಖೆಯ ಮೇಲೆ ನಿರಂತರವಾದ ಪರಿಮಾಣಕ್ಕೆ ಗರಿಷ್ಠ ಮತ್ತು ಕನಿಷ್ಠ ಎರಡೂ ಇದ್ದೇ ಇರುವುದರಿಂದ, ಸ್ಪರ್ಶ ಬಿಂದುಗಳಲ್ಲಿ f ನ ಮೌಲ್ಯಗಳನ್ನು ಹೋಲಿಸಿದರೆ ಸಾಕಾಗುತ್ತದೆ.

ಹೊಲದ ಸಮಸ್ಯೆಯಲ್ಲಿ ನೇರ ಪರೀಕ್ಷೆ ಸುಲಭ. ಸರಳರೇಖೆಯ ಮೇಲೆ t ಯಷ್ಟು ಸರಿದರೆ x = 200 + t, y = 100 − t/2 ಆಗುತ್ತದೆ. ಆಗ ವಿಸ್ತೀರ್ಣ 20,000 − t²/2. ಯಾವ ಕಡೆಗೆ ಸರಿದರೂ ವಿಸ್ತೀರ್ಣ ಕಡಿಮೆಯಾಗುವುದರಿಂದ ಇದು ಗರಿಷ್ಠವೇ ಸರಿ.

ಪಠ್ಯಪುಸ್ತಕಗಳಲ್ಲಿ f ಮತ್ತು g ಗಳನ್ನು ಸೇರಿಸಿ L = f − λ(g − k) ಎಂಬ ಹೊಸ ಫಲನವನ್ನು ರಚಿಸುವ ರೂಢಿಯಿದೆ. ಅದರ ದರಗಳನ್ನೆಲ್ಲ ಸೊನ್ನೆಗೆ ಸಮ ಮಾಡಿದರೆ ಮೇಲಿನ ಮೂರು ಸಮೀಕರಣಗಳೇ ದೊರೆಯುತ್ತವೆ. ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಸ್ಥಳವಿದೆ. f ಗರಿಷ್ಠವಾಗುವಲ್ಲಿ L ಕೂಡ ಗರಿಷ್ಠವಾಗಬೇಕು ಎಂದು ಅವರು ಭಾವಿಸುತ್ತಾರೆ. ಹೊಲದ ಸಮಸ್ಯೆಯಲ್ಲಿ λ = 100 ಎಂದಿಟ್ಟು ಸರಳಗೊಳಿಸಿದರೆ

L = (x − 200)(y − 100) + 20,000

ಎಂದಾಗುತ್ತದೆ. x ಮತ್ತು y ಎರಡನ್ನೂ ಸ್ವಲ್ಪ ಹೆಚ್ಚಿಸಿದರೆ L ಹೆಚ್ಚುತ್ತದೆ. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿದರೆ L ತಗ್ಗುತ್ತದೆ. ಕುದುರೆಯ ಜೀನಿನ ಮಧ್ಯಭಾಗದಂತೆ (200, 100) ಬಿಂದುವು L ಗೆ ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ. ನಿರ್ಬಂಧದ ರೇಖೆಯ ದಿಕ್ಕಿನಲ್ಲಿ ಮಾತ್ರ ಅದು ಗರಿಷ್ಠ. ಆದ್ದರಿಂದ ನಿರ್ಬಂಧವಿಲ್ಲದ ಸಮಸ್ಯೆಗಳ ಎರಡನೆಯ ಅವಕಲನ ಪರೀಕ್ಷೆಯನ್ನು L ಗೆ ಹಾಗೆಯೇ ಅನ್ವಯಿಸಿದರೆ ತಪ್ಪು ತೀರ್ಮಾನ ಬರುತ್ತದೆ. ಪರೀಕ್ಷೆಯನ್ನು ನಿರ್ಬಂಧದ ರೇಖೆಗುಂಟ ಮಾತ್ರ ನಡೆಸಬೇಕು.

## ವಿಧಾನದ ಮಿತಿಗಳು

ಮೊದಲನೆಯ ಮಿತಿಯು ನಿರ್ಬಂಧದ ರೇಖೆಗೆ ತುದಿಗಳಿದ್ದಾಗ ಎದುರಾಗುತ್ತದೆ. ಮೇಲಿನ ಹೊಲಕ್ಕೆ ನದಿಯ ದಡದಲ್ಲಿ 150 ಮೀಟರ್ ಜಾಗ ಮಾತ್ರ ಇದೆ ಎಂದಿಟ್ಟುಕೊಳ್ಳೋಣ. ಆಗ (200, 100) ಎಂಬ ಸ್ಪರ್ಶ ಬಿಂದು ಕೈಗೆ ಸಿಗುವುದಿಲ್ಲ. ದೊರೆಯುವ ಭಾಗದಲ್ಲಿ x ಹೆಚ್ಚಿದಂತೆ ವಿಸ್ತೀರ್ಣವೂ ಹೆಚ್ಚುವುದರಿಂದ ಉತ್ತಮ ಆಯ್ಕೆಯು ತುದಿಯ ಬಿಂದುವಾದ (150, 125), ವಿಸ್ತೀರ್ಣ 18,750 ಚದರ ಮೀಟರ್. ಆ ಬಿಂದುವಿನಲ್ಲಿ ಅತಿಪರವಲಯವು ಸರಳರೇಖೆಯನ್ನು ಸ್ಪರ್ಶಿಸುವುದಿಲ್ಲ, ಕತ್ತರಿಸುತ್ತದೆ. ಮುಂದೆ ಹೋದರೆ ಲಾಭವಿದೆ, ಆದರೆ ಜಾಗ ಮುಗಿದಿದೆ. ತುದಿಗಳಲ್ಲಿ ಗುಣಕದ ಸಮೀಕರಣಗಳು ಏನನ್ನೂ ಹೇಳುವುದಿಲ್ಲವಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಎರಡನೆಯದಾಗಿ, ಸ್ಪರ್ಶವು ಅಗತ್ಯವೇ ಹೊರತು ಸಾಕಾಗುವ ಷರತ್ತಲ್ಲ. y = x³ ಎಂಬ ರೇಖೆಯ ಮೇಲೆ f = y ಯನ್ನು ಪರಿಗಣಿಸಿದರೆ, ಮೂಲಬಿಂದುವಿನಲ್ಲಿ ಆ ರೇಖೆಯು y = 0 ಎಂಬ ಸಮಮೌಲ್ಯ ರೇಖೆಯನ್ನು ಸ್ಪರ್ಶಿಸುತ್ತದೆ; λ ವಿಗೂ ಬೆಲೆ ದೊರೆಯುತ್ತದೆ. ಆದರೆ ಸ್ಪರ್ಶಿಸುತ್ತಲೇ ಅದು ಕೆಳಗಿನಿಂದ ಮೇಲಕ್ಕೆ ದಾಟಿ ಹೋಗುತ್ತದೆ. ಏರುವ ರಸ್ತೆಯು ಒಂದು ಕ್ಷಣ ಸಮತಟ್ಟಾಗಿ ಮತ್ತೆ ಏರಿದಂತೆ ಇದು. ಬಿಂದುವಿನ ಎರಡೂ ಬದಿಗಳಲ್ಲಿ f ನ ಮೌಲ್ಯವನ್ನು ನೋಡಿದರೆ ಇಂತಹ ಹುಸಿ ಬಿಂದುಗಳು ಬಯಲಾಗುತ್ತವೆ.

ಮೂರನೆಯದಾಗಿ, ನಿರ್ಬಂಧದ ರೇಖೆಗೆ ಚೂಪಾದ ಮೊನೆಯಿದ್ದರೆ ಅಲ್ಲಿ ವಿಧಾನವು ಉತ್ತರವನ್ನೇ ತಪ್ಪಿಸಬಹುದು. y² = x³ ಎಂಬ ರೇಖೆಯು ಮೂಲಬಿಂದುವಿನಲ್ಲಿ ಮೊನೆಗೊಳ್ಳುತ್ತದೆ. ಅದರ ಮೇಲೆ x ನ ಕನಿಷ್ಠ ಮೌಲ್ಯ ಸೊನ್ನೆ, ಅದು ದೊರೆಯುವುದು ಆ ಮೊನೆಯಲ್ಲಿಯೇ. ಆದರೆ ಅಲ್ಲಿ ∇g = (0, 0), ∇f = (1, 0). ಸೊನ್ನೆ ಸದಿಶವನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ (1, 0) ಬರುವುದಿಲ್ಲ. ಹೀಗಾಗಿ ಸಮೀಕರಣಗಳಿಗೆ ಪರಿಹಾರವೇ ಇಲ್ಲದಿದ್ದರೂ ಕನಿಷ್ಠವು ಅಸ್ತಿತ್ವದಲ್ಲಿದೆ. ಆದ್ದರಿಂದ ∇g = 0 ಆಗುವ ಬಿಂದುಗಳು ನಿರ್ಬಂಧದ ರೇಖೆಯ ಮೇಲೆ ಇವೆಯೇ ಎಂಬುದನ್ನು ಮೊದಲೇ ಹುಡುಕಿ, ಅವುಗಳನ್ನೂ ಹೋಲಿಕೆಯ ಪಟ್ಟಿಗೆ ಸೇರಿಸಬೇಕು.

ಒಟ್ಟಿನಲ್ಲಿ ಹೋಲಿಸಬೇಕಾದ ಬಿಂದುಗಳು ಮೂರು ಬಗೆಯವು: ಗುಣಕದ ಸಮೀಕರಣಗಳು ಕೊಡುವ ಸ್ಪರ್ಶ ಬಿಂದುಗಳು, ನಿರ್ಬಂಧದ ರೇಖೆಯ ತುದಿಗಳು ಮತ್ತು ∇g ಸೊನ್ನೆಯಾಗುವ ಬಿಂದುಗಳು.

## ಇತಿಹಾಸ

ಲಗ್ರಾಂಜ್ 1788ರಲ್ಲಿ ಪ್ರಕಟಿಸಿದ 'ಮೆಕಾನಿಕ್ ಅನಲಿಟಿಕ್' ಎಂಬ ಫ್ರೆಂಚ್ ಗ್ರಂಥದಲ್ಲಿ, ನಿರ್ಬಂಧಗಳಿಗೆ ಒಳಪಟ್ಟ ಕಾಯಗಳ ಸಮತೋಲನವನ್ನು ವಿವರಿಸಲು ಈ ಗುಣಕಗಳನ್ನು ಬಳಸಿದನು. 1797ರ 'ತಿಯರಿ ದೆ ಫಾಂಕ್ಸಿಯೋಂ ಅನಲಿಟಿಕ್' ಗ್ರಂಥದಲ್ಲಿ ಅವುಗಳನ್ನು ಗರಿಷ್ಠ ಮತ್ತು ಕನಿಷ್ಠ ಮೌಲ್ಯಗಳ ಸಮಸ್ಯೆಗೆ ಅನ್ವಯಿಸಿದನು. ತನ್ನ 1788ರ ಗ್ರಂಥದಲ್ಲಿ ಒಂದೂ ಚಿತ್ರ ಇರುವುದಿಲ್ಲವೆಂದು ಆತ ಮುನ್ನುಡಿಯಲ್ಲಿಯೇ ತಿಳಿಸಿದ್ದನು. ಬೀಜಗಣಿತದ ಕ್ರಿಯೆಗಳಿಂದಲೇ ಎಲ್ಲವನ್ನೂ ಸಾಧಿಸುವುದು ಆತನ ಉದ್ದೇಶವಾಗಿತ್ತು. ಇಂದು ತರಗತಿಗಳಲ್ಲಿ ಆತನ ಗುಣಕವನ್ನು ಸ್ಪರ್ಶಿಸುವ ಎರಡು ರೇಖೆಗಳ ಚಿತ್ರದ ಮೂಲಕ ಪರಿಚಯಿಸಲಾಗುತ್ತದೆ.